ನಾಲ್ಕನೆಯ ಫ್ರೇಮಿನ ಪ್ರಶ್ನೆ: ಬೆಲಾಡಿ ವೈಪರೀತ್ಯ



ಕಂಪ್ಯೂಟರ್ ನಿಧಾನವಾಯಿತು ಎಂದು ಅಂಗಡಿಗೆ ಕೊಂಡೊಯ್ದರೆ ಮೊದಲು ಸಿಗುವ ಸಲಹೆ ಒಂದೇ: ರ‍್ಯಾಮ್ ಹೆಚ್ಚಿಸಿ. ಸಾಮಾನ್ಯವಾಗಿ ಈ ಸಲಹೆ ಸರಿಯೇ. ಮೆಮೊರಿಯಲ್ಲಿ ಜಾಗ ಹೆಚ್ಚಿದಷ್ಟೂ ಡಿಸ್ಕಿಗೆ ಓಡಾಟ ಕಡಿಮೆಯಾಗಬೇಕು. ಕಡಿಮೆಯಾಗದಿದ್ದರೂ ಹೆಚ್ಚಂತೂ ಆಗಬಾರದು. ಇದನ್ನು ಯಾರೂ ಸಾಬೀತು ಮಾಡಿ ತೋರಿಸಿ ಎಂದು ಕೇಳುವುದಿಲ್ಲ, ಅಷ್ಟು ಸಹಜವಾಗಿ ಒಪ್ಪಿಕೊಳ್ಳುತ್ತೇವೆ. ಈ ನಂಬಿಕೆ ಸುಳ್ಳಾಗುವ ಒಂದು ಸಂದರ್ಭವನ್ನು ಇಂದು ನಿಮ್ಮ ಮುಂದೆ ಪೂರ್ತಿಯಾಗಿ ಬಿಡಿಸಿ ಇಡಬೇಕೆಂದಿದ್ದೇನೆ. ಅದಕ್ಕೆ ಬೇಕಾಗಿರುವುದು ಹನ್ನೆರಡು ಅಂಕೆಗಳ ಒಂದು ಸಾಲು ಮತ್ತು ಸ್ವಲ್ಪ ತಾಳ್ಮೆ. ಗಣಿತದ ಹಿನ್ನೆಲೆ ಇಲ್ಲದವರೂ ಒಂದು ಹಾಳೆ, ಒಂದು ಪೆನ್ನು ಹಿಡಿದು ನನ್ನ ಜೊತೆಗೇ ಲೆಕ್ಕ ಮಾಡಬಹುದು. ಹಾಗೆ ಮಾಡಬೇಕೆಂದೇ ನನ್ನ ಕೋರಿಕೆ.

ಮೊದಲು ರಂಗಸಜ್ಜಿಕೆ. ನಾವು ಓಡಿಸುವ ಪ್ರೋಗ್ರಾಮು ಮೆಮೊರಿಯಲ್ಲಿ ಒಂದೇ ಇಡಿಯ ತುಂಡಾಗಿ ಕೂತಿರುವುದಿಲ್ಲ. ಅದನ್ನು ಸಮಾನ ಅಳತೆಯ ಪುಟಗಳಾಗಿ ಕತ್ತರಿಸಿರುತ್ತಾರೆ. ಇಂದಿನ ಬಹುತೇಕ ಯಂತ್ರಗಳಲ್ಲಿ ಒಂದು ಪುಟವೆಂದರೆ 4096 ಬೈಟ್. ನಿಜವಾದ ಮೆಮೊರಿಯೂ ಅದೇ ಅಳತೆಯ ಖಾನೆಗಳಾಗಿ ಹಂಚಿಹೋಗಿರುತ್ತದೆ. ಆ ಒಂದೊಂದು ಖಾನೆಗೆ ಪೇಜ್ ಫ್ರೇಮ್ ಎಂದು ಹೆಸರು. ಪುಟಗಳು ಹೆಚ್ಚು, ಫ್ರೇಮುಗಳು ಕಡಿಮೆ. ಹಾಗಾಗಿ ಯಾವ ಗಳಿಗೆಯಲ್ಲೂ ಕೆಲವು ಪುಟಗಳು ಮೆಮೊರಿಯಲ್ಲಿರುತ್ತವೆ, ಉಳಿದವು ಡಿಸ್ಕಿನಲ್ಲಿರುತ್ತವೆ. ಪ್ರೋಗ್ರಾಮು ಮೆಮೊರಿಯಲ್ಲಿಲ್ಲದ ಪುಟವನ್ನು ಮುಟ್ಟಲು ಹೋದಾಗ ಪ್ರೊಸೆಸರ್ ಅಲ್ಲಿಗೇ ನಿಂತು ಆಪರೇಟಿಂಗ್ ಸಿಸ್ಟಮ್ಮನ್ನು ಕರೆಯುತ್ತದೆ. ಇದೇ ಪೇಜ್ ಫಾಲ್ಟ್. ಆಪರೇಟಿಂಗ್ ಸಿಸ್ಟಮ್ ಬೇಕಾದ ಪುಟವನ್ನು ಡಿಸ್ಕಿನಲ್ಲಿ ಹುಡುಕುತ್ತದೆ. ಖಾಲಿ ಫ್ರೇಮ್ ಇಲ್ಲದಿದ್ದರೆ ಒಳಗಿರುವ ಒಂದು ಪುಟವನ್ನು ಆರಿಸಿ ಹೊರಗೆ ಹಾಕುತ್ತದೆ. ಹೊರಹೋಗುವ ಪುಟ ಒಳಗಿದ್ದಾಗ ಬದಲಾಗಿದ್ದರೆ ಅದನ್ನು ಮೊದಲು ಡಿಸ್ಕಿಗೆ ಬರೆಯಬೇಕು. ಹೊಸದನ್ನು ತಂದು ಕೂರಿಸಿದ ಮೇಲೆ, ನಿಂತುಹೋಗಿದ್ದ ಆದೇಶವನ್ನು ಮತ್ತೆ ಮೊದಲಿಂದ ನಡೆಸುತ್ತದೆ.

ಇದಕ್ಕೆ ತಗಲುವ ಸಮಯದ ಅಂದಾಜು ಇರಲಿ. ಮೆಮೊರಿಯಲ್ಲಿರುವುದನ್ನು ಮುಟ್ಟಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ಸಾಲಿಡ್ ಸ್ಟೇಟ್ ಡ್ರೈವಿನಿಂದ ತರಬೇಕಾದರೆ ಅದರ ಸಾವಿರ ಪಟ್ಟಿನ ಆಸುಪಾಸು ಬೇಕು. ತಿರುಗುವ ಹಾರ್ಡ್ ಡಿಸ್ಕಾದರೆ ಸುಮಾರು ಲಕ್ಷ ಪಟ್ಟು. ಆದ್ದರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಎಣಿಸುವುದು ಒಂದನ್ನೇ: ಫಾಲ್ಟುಗಳು ಎಷ್ಟಾದವು?

ಫಾಲ್ಟುಗಳ ಸಂಖ್ಯೆ ನಿಂತಿರುವುದು ಯಾವ ಪುಟವನ್ನು ಹೊರಗೆ ಹಾಕುತ್ತೇವೆ ಎಂಬ ಆಯ್ಕೆಯ ಮೇಲೆ. ಅತ್ಯಂತ ಸರಳವಾದ ನಿಯಮವೆಂದರೆ ಮೊದಲು ಬಂದದ್ದನ್ನು ಮೊದಲು ಕಳಿಸುವುದು. ಇದನ್ನು ಫೈಫೋ ಎನ್ನುತ್ತೇವೆ. ಒಳಬಂದ ಪುಟಗಳನ್ನು ಬಂದ ಕ್ರಮದಲ್ಲೇ ಒಂದು ಸರದಿಯಲ್ಲಿ ನಿಲ್ಲಿಸುತ್ತೇವೆ. ಹೊಸಬರು ಬಂದಾಗ ಸರದಿಯ ತಲೆಯಲ್ಲಿರುವವರು ಹೊರಗೆ, ಹೊಸಬರು ಬಾಲಕ್ಕೆ. ಬರೆಯಲು ನಾಲ್ಕು ಸಾಲು ಸಾಕು, ಹಾರ್ಡ್‌ವೇರಿನಿಂದ ಯಾವ ಸಹಾಯವೂ ಬೇಡ. ಈ ಕೊನೆಯ ಮಾತು ಮುಖ್ಯವಾದದ್ದು. ಡಿಜಿಟಲ್ ಕಂಪನಿಯ ವ್ಯಾಕ್ಸ್ ಯಂತ್ರದಲ್ಲಿ ಒಂದು ಪುಟವನ್ನು ಇತ್ತೀಚೆಗೆ ಮುಟ್ಟಲಾಯಿತೇ ಎಂದು ಗುರುತಿಡುವ ಬಿಟ್ಟೇ ಇರಲಿಲ್ಲ. ಅದರ ವಿಎಂಎಸ್ ಆಪರೇಟಿಂಗ್ ಸಿಸ್ಟಮ್ ಪ್ರತಿ ಪ್ರೋಗ್ರಾಮಿನ ಪುಟಗಳನ್ನು ಫೈಫೋ ಕ್ರಮದಲ್ಲೇ ಹೊರಹಾಕುತ್ತಿತ್ತು. ಆದರೆ ಹೊರಹಾಕಿದ ಪುಟ ಕೂಡಲೇ ಅಳಿಸಿಹೋಗದಂತೆ ಕೆಲಕಾಲ ಮೆಮೊರಿಯಲ್ಲೇ ಬೇರೊಂದು ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತಿತ್ತು. ಅಷ್ಟರಲ್ಲಿ ಮತ್ತೆ ಬೇಕಾದರೆ ಡಿಸ್ಕಿಗೆ ಹೋಗದೆಯೇ ಮರಳಿ ಸಿಗುತ್ತಿತ್ತು. ಫೈಫೋವನ್ನು ಒಂಟಿಯಾಗಿ ನಂಬಬಾರದು ಎಂದು ಆ ವಿನ್ಯಾಸಕಾರರಿಗೆ ತಿಳಿದಿತ್ತು.

ಹಾಗೆ ತಿಳಿದದ್ದಕ್ಕೆ ಒಂದು ಹಿನ್ನೆಲೆಯಿದೆ. ಲಾಸ್ಲೋ ಬೆಲಾಡಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, 1956ರ ಹಂಗೇರಿಯ ದಂಗೆಯ ನಂತರ ದೇಶ ಬಿಟ್ಟು, 1961ರಲ್ಲಿ ಐಬಿಎಂ ಸೇರಿದವರು. ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ ಅವರು ಪುಟ ಬದಲಾವಣೆಯ ನಿಯಮಗಳನ್ನು ಒಂದರ ಪಕ್ಕ ಒಂದಿಟ್ಟು ಅಳೆದರು. 1966ರಲ್ಲಿ ಪ್ರಕಟವಾದ ಅವರ ಅಧ್ಯಯನ ಇಂದಿಗೂ ಈ ವಿಷಯದ ತಳಪಾಯ. ಮೂರು ವರ್ಷದ ಬಳಿಕ, 1969ರ ಜೂನ್‌ನಲ್ಲಿ, ನೆಲ್ಸನ್ ಮತ್ತು ಶೆಡ್ಲರ್ ಎಂಬ ಸಹೋದ್ಯೋಗಿಗಳ ಜೊತೆಗೂಡಿ ಬರೆದ ಐದು ಪುಟಗಳ ಚಿಕ್ಕ ಲೇಖನದಲ್ಲಿ ಅವರು ಒಂದು ವಿಚಿತ್ರವನ್ನು ಜಗತ್ತಿನ ಮುಂದಿಟ್ಟರು. ಫೈಫೋ ನಿಯಮದಲ್ಲಿ ಕೆಲವು ಪ್ರೋಗ್ರಾಮುಗಳಿಗೆ ಹೆಚ್ಚು ಫ್ರೇಮ್ ಕೊಟ್ಟರೆ ಫಾಲ್ಟುಗಳು ಹೆಚ್ಚುತ್ತವೆ ಎಂಬುದೇ ಆ ವಿಚಿತ್ರ. ಅಂದಿನಿಂದ ಇದಕ್ಕೆ ಬೆಲಾಡಿ ವೈಪರೀತ್ಯ ಎಂದೇ ಹೆಸರು.

ಈಗ ಹನ್ನೆರಡು ಅಂಕೆಗಳಿಗೆ ಬರೋಣ. ಒಂದು ಪ್ರೋಗ್ರಾಮಿಗೆ ಒಟ್ಟು ಐದು ಪುಟಗಳಿವೆ. 1ರಿಂದ 5ರವರೆಗೆ ಅಂಕೆ ಕೊಟ್ಟಿದ್ದೇವೆ. ಅದು ಪುಟಗಳನ್ನು ಮುಟ್ಟುವ ಕ್ರಮ ಹೀಗಿದೆ: 1, 2, 3, 4, 1, 2, 5, 1, 2, 3, 4, 5. ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿ ನೆಲೆನಿಂತಿರುವ ಸಾಲು ಇದು. ನಾನು ಇದನ್ನು ಕೋರಿಕೆಗಳ ಸಾಲು ಎಂದು ಕರೆಯುತ್ತೇನೆ. ನಿಮ್ಮ ಹಾಳೆಯ ಮೇಲ್ತುದಿಯಲ್ಲಿ ಇದನ್ನು ಬರೆದುಕೊಳ್ಳಿ.

ಮೊದಲು ಮೂರು ಫ್ರೇಮ್. ಆರಂಭದಲ್ಲಿ ಮೂರೂ ಖಾಲಿ. 1, 2, 3 ಒಂದೊಂದಾಗಿ ಬರುತ್ತವೆ, ಮೂರು ಫಾಲ್ಟ್. 4 ಬಂದಾಗ ಜಾಗವಿಲ್ಲ. ಹಳಬ 1 ಹೊರಗೆ. ಸರದಿ 2, 3, 4. ಮರುಕ್ಷಣವೇ 1 ಬೇಕು. ಈಗಷ್ಟೇ ಕಳಿಸಿದ್ದೆವು, ಮತ್ತೆ ತರಬೇಕು. 2 ಹೊರಗೆ, ಸರದಿ 3, 4, 1. ಮುಂದಿನ ಕೋರಿಕೆ 2, ಅದನ್ನೂ ಈಗಷ್ಟೇ ಕಳಿಸಿದ್ದೆವು. 3 ಹೊರಗೆ, ಸರದಿ 4, 1, 2. ಆಮೇಲೆ 5 ಬರುತ್ತದೆ, 4 ಹೊರಗೆ, ಸರದಿ 1, 2, 5. ಇಲ್ಲಿಗೆ ಏಳು ಕೋರಿಕೆ, ಏಳೂ ಫಾಲ್ಟ್. ನೋಡಿದರೆ ಮೂರು ಫ್ರೇಮಿನ ಮೆಮೊರಿ ಪೂರಾ ದಿವಾಳಿ ಎನಿಸುತ್ತದೆ. ಆದರೆ ಮುಂದಿನ ಕೋರಿಕೆ 1, ಅದು ಒಳಗಿದೆ. ನಂತರ 2, ಅದೂ ಒಳಗಿದೆ. 3 ಬಂದಾಗ 1 ಹೊರಗೆ, 4 ಬಂದಾಗ 2 ಹೊರಗೆ, ಸರದಿ 5, 3, 4. ಕೊನೆಯ 5 ಒಳಗೇ ಇದೆ. ಒಟ್ಟು ಒಂಬತ್ತು ಫಾಲ್ಟ್.

ಈಗ ನಾಲ್ಕು ಫ್ರೇಮ್. 1, 2, 3, 4 ನಾಲ್ಕು ಫಾಲ್ಟ್‌ಗಳಲ್ಲಿ ಒಳಬರುತ್ತವೆ. ಐದನೆಯ ಕೋರಿಕೆ 1 ಒಳಗಿದೆ, ಆರನೆಯದು 2 ಒಳಗಿದೆ. ಆರು ಕೋರಿಕೆಗೆ ನಾಲ್ಕೇ ಫಾಲ್ಟ್. ಪಕ್ಕದ ಮೂರು ಫ್ರೇಮಿನ ಯಂತ್ರ ಈ ಹೊತ್ತಿಗೆ ಆರು ಕಂಡಿದೆ. ದೊಡ್ಡ ಮೆಮೊರಿ ಎರಡು ಹೆಜ್ಜೆ ಮುಂದಿದೆ. ಏಳನೆಯ ಕೋರಿಕೆ 5. ಸರದಿಯ ತಲೆಯಲ್ಲಿ ನಿಂತಿರುವುದು 1, ಅದು ಹೊರಗೆ. ಸರದಿ 2, 3, 4, 5. ಎಂಟನೆಯ ಕೋರಿಕೆ 1. ಈಗಷ್ಟೇ ಹೋಯಿತು. ಅದನ್ನು ತರಲು 2 ಹೊರಗೆ. ಒಂಬತ್ತನೆಯ ಕೋರಿಕೆ 2. ಅದನ್ನು ತರಲು 3 ಹೊರಗೆ. ಹತ್ತನೆಯದು 3. ಅದಕ್ಕಾಗಿ 4 ಹೊರಗೆ. ಹನ್ನೊಂದನೆಯದು 4. ಅದಕ್ಕಾಗಿ 5 ಹೊರಗೆ. ಹನ್ನೆರಡನೆಯದು 5. ಪ್ರತಿ ಸಲವೂ, ಮುಂದಿನ ಗಳಿಗೆಯಲ್ಲಿ ಬೇಕಾಗುವ ಪುಟವನ್ನೇ ಹುಡುಕಿ ಹೊರಗೆ ಹಾಕಿದಂತೆ ಆಗುತ್ತದೆ. ಒಟ್ಟು ಹತ್ತು ಫಾಲ್ಟ್.

ಎರಡನ್ನೂ ಒಂದರ ಕೆಳಗೊಂದು ಇಟ್ಟರೆ ಹೀಗೆ ಕಾಣುತ್ತದೆ. `x` ಎಂದರೆ ಫಾಲ್ಟ್, ಚುಕ್ಕೆ ಎಂದರೆ ಪುಟ ಒಳಗೇ ಸಿಕ್ಕಿತು.

```
1 2 3 4 1 2 5 1 2 3 4 5
x x x x x x x . . x x .   3 → 9
x x x x . . x x x x x x   4 → 10
```

ತರಗತಿಯಲ್ಲಿ ಈ ಎರಡು ಸಾಲು ಬರೆದಾಗ ವಿದ್ಯಾರ್ಥಿಗಳು ಮೊದಲು ಎಣಿಕೆಯನ್ನೇ ಅನುಮಾನಿಸುತ್ತಾರೆ. ಅದು ಒಳ್ಳೆಯ ಅಭ್ಯಾಸ. ಎಣಿಕೆ ಸರಿಯಿದೆ ಎಂದು ಒಪ್ಪಿದ ಮೇಲೆ ನಿಜವಾದ ಪ್ರಶ್ನೆ ಏಳುತ್ತದೆ: ಏಕೆ ಹೀಗೆ?

ಉತ್ತರ ಏಳನೆಯ ಕೋರಿಕೆಯ ಬಳಿ ಇದೆ. ಅಲ್ಲಿ ಎರಡೂ ಯಂತ್ರಗಳನ್ನು ನಿಲ್ಲಿಸಿ ಒಳಗೆ ಇಣುಕಿ ನೋಡೋಣ. ಚಿಕ್ಕದರಲ್ಲಿ 1, 2, 5 ಇವೆ. ದೊಡ್ಡದರಲ್ಲಿ 2, 3, 4, 5 ಇವೆ. ಚಿಕ್ಕದರಲ್ಲಿರುವ 1 ದೊಡ್ಡದರಲ್ಲಿಲ್ಲ! ನಮ್ಮ ಸಹಜ ನಂಬಿಕೆ ಗುಟ್ಟಾಗಿ ಒಂದು ಊಹೆಯ ಮೇಲೆ ನಿಂತಿತ್ತು. ದೊಡ್ಡ ಮೆಮೊರಿಯಲ್ಲಿ ಚಿಕ್ಕದರಲ್ಲಿರುವುದೆಲ್ಲ ಇದ್ದು, ಅದರ ಮೇಲೆ ಇನ್ನೊಂದಷ್ಟು ಇರುತ್ತದೆ ಎಂಬುದೇ ಆ ಊಹೆ. ಅದು ನಿಜವಾಗಿದ್ದರೆ ಚಿಕ್ಕದರಲ್ಲಿ ಸಿಕ್ಕ ಪುಟ ದೊಡ್ಡದರಲ್ಲಿ ಸಿಕ್ಕೇ ಸಿಗುತ್ತಿತ್ತು, ಫಾಲ್ಟುಗಳು ಎಂದಿಗೂ ಹೆಚ್ಚುತ್ತಿರಲಿಲ್ಲ. ಫೈಫೋದಲ್ಲಿ ಆ ಊಹೆ ಏಳನೆಯ ಹೆಜ್ಜೆಗೇ ಮುರಿದುಬಿದ್ದಿದೆ.

ಮುರಿದದ್ದು ಹೇಗೆ? ಐದನೆಯ ಮತ್ತು ಆರನೆಯ ಕೋರಿಕೆಗಳಲ್ಲಿ ಪ್ರೋಗ್ರಾಮು ಮತ್ತೆ 1 ಮತ್ತು 2ನ್ನು ಕೇಳಿತು. ನನಗೆ ಈ ಪುಟಗಳು ಇನ್ನೂ ಬೇಕು ಎಂದು ಅದು ತಿಳಿಸಿದ ಹಾಗೆ. ದೊಡ್ಡ ಮೆಮೊರಿಯಲ್ಲಿ ಅವು ಒಳಗೇ ಇದ್ದವು, ಆದ್ದರಿಂದ ಏನೂ ನಡೆಯಲಿಲ್ಲ. ಫೈಫೋ ಸರದಿ ಅಲುಗಾಡುವುದು ಫಾಲ್ಟ್ ಆದಾಗ ಮಾತ್ರ. ಪುಟ ಒಳಗೆ ಸಿಕ್ಕಿದಾಗ ಅದು ಕಣ್ಣು ಮುಚ್ಚಿಕೊಂಡಿರುತ್ತದೆ. ಹೀಗಾಗಿ 1 ಮತ್ತು 2 ತಮ್ಮ ಹಳೆಯ ಜಾಗದಲ್ಲೇ, ಸರದಿಯ ತಲೆಯಲ್ಲೇ, ಹೊರಹೋಗಲು ಮೊದಲಿಗರಾಗಿ ಉಳಿದುಕೊಂಡವು. ಚಿಕ್ಕ ಮೆಮೊರಿಯಲ್ಲಿ ಕಥೆ ಬೇರೆ. ಅಲ್ಲಿ ಆ ಎರಡು ಕೋರಿಕೆಗಳೂ ಫಾಲ್ಟ್ ಆದವು. ಪುಟಗಳನ್ನು ಮತ್ತೆ ತಂದದ್ದರಿಂದ ಅವು ಸರದಿಯ ಬಾಲಕ್ಕೆ ಹೋಗಿ ನಿಂತವು. ಫಾಲ್ಟ್‌ನ ದಂಡ ತೆತ್ತದ್ದಕ್ಕೆ ಪ್ರತಿಯಾಗಿ ಚಿಕ್ಕ ಮೆಮೊರಿಗೆ ಒಂದು ಸುದ್ದಿ ಸಿಕ್ಕಿತು: 1 ಮತ್ತು 2 ಈಗ ಚಾಲ್ತಿಯಲ್ಲಿವೆ. ದೊಡ್ಡ ಮೆಮೊರಿ ದಂಡವನ್ನೂ ತೆರಲಿಲ್ಲ, ಸುದ್ದಿಯನ್ನೂ ಪಡೆಯಲಿಲ್ಲ.

ಇಡೀ ಉಪನ್ಯಾಸದ ತಿರುಳು ಇದೇ, ಹಾಗಾಗಿ ಸ್ವಲ್ಪ ನಿಧಾನಿಸುತ್ತೇನೆ. ಫೈಫೋ ಅಳೆಯುವ ವಯಸ್ಸು ಪುಟವನ್ನು ಕೊನೆಯ ಬಾರಿ ಒಳತಂದ ಹೊತ್ತಿನಿಂದ ಶುರುವಾಗುತ್ತದೆ. ಕೊನೆಯ ಬಾರಿ ಬಳಸಿದ ಹೊತ್ತಿಗೆ ಅಲ್ಲಿ ಲೆಕ್ಕವಿಲ್ಲ. ಮೆಮೊರಿ ತೀರಾ ಚಿಕ್ಕದಾಗಿದ್ದಾಗ ಪುಟಗಳು ಮತ್ತೆ ಮತ್ತೆ ಹೊರಹೋಗಿ ಒಳಬರುವುದರಿಂದ ಒಳತಂದ ಹೊತ್ತು ಮತ್ತು ಬಳಸಿದ ಹೊತ್ತು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅಂಥಲ್ಲಿ ಫೈಫೋ ತನಗರಿವಿಲ್ಲದೆಯೇ ಇತ್ತೀಚಿನ ಬಳಕೆಯನ್ನು ಗಮನಿಸಿದಂತೆ ವರ್ತಿಸುತ್ತದೆ. ಮೆಮೊರಿ ದೊಡ್ಡದಾದಂತೆ ಪುಟಗಳು ಒಳಗೇ ಹೆಚ್ಚು ಹೊತ್ತು ಉಳಿಯುತ್ತವೆ, ಈ ಎರಡು ಹೊತ್ತುಗಳು ಬೇರೆಬೇರೆಯಾಗುತ್ತವೆ, ಸರದಿಯ ಕ್ರಮ ಪ್ರೋಗ್ರಾಮಿನ ನಿಜವಾದ ಅಗತ್ಯದಿಂದ ದೂರ ಸರಿಯುತ್ತದೆ. ಫ್ರೇಮ್ ಹೆಚ್ಚಿಸಿದಾಗ ನಮಗೆ ಜಾಗ ಸಿಕ್ಕಿತು. ಅದರ ಜೊತೆಗೇ ಸರದಿಯ ಕ್ರಮವೂ ಬದಲಾಯಿತು. ಆ ಬದಲಾವಣೆ ಕೆಲವೊಮ್ಮೆ ಜಾಗದ ಲಾಭವನ್ನೂ ಮೀರಿದ ನಷ್ಟ ತರುತ್ತದೆ.

ಜಾಣ ವಿದ್ಯಾರ್ಥಿಯೊಬ್ಬ ಇಲ್ಲಿ ಒಂದು ಆಕ್ಷೇಪ ಎತ್ತಬಹುದು, ಎತ್ತಬೇಕು ಕೂಡ. ಆರಂಭದಲ್ಲಿ ಫ್ರೇಮುಗಳು ಖಾಲಿಯಿದ್ದವು. ಅವನ್ನು ತುಂಬಲು ಚಿಕ್ಕದಕ್ಕೆ ಮೂರು ಫಾಲ್ಟ್, ದೊಡ್ಡದಕ್ಕೆ ನಾಲ್ಕು ಫಾಲ್ಟ್ ಆದವು. ಅವನ್ನು ಕಳೆದರೆ ಒಂಬತ್ತರಲ್ಲಿ ಆರು, ಹತ್ತರಲ್ಲಿಯೂ ಆರು ಉಳಿಯುತ್ತದೆ. ಅಂದರೆ ವ್ಯತ್ಯಾಸವೆಲ್ಲ ಖಾಲಿ ಖಾನೆ ತುಂಬಿದ್ದರಿಂದ ಬಂದದ್ದೇ ಅಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ಉತ್ತರ ಕೊಡಲು ಇದೇ ಸಾಲನ್ನು ನಿಲ್ಲಿಸದೆ ಎರಡನೆಯ ಸಲ ನಡೆಸಬೇಕು.

ಮೊದಲ ಸುತ್ತಿನ ಕೊನೆಗೆ ಚಿಕ್ಕದರ ಸರದಿ 5, 3, 4; ದೊಡ್ಡದರ ಸರದಿ 2, 3, 4, 5. ಈಗ ಯಾವ ಫ್ರೇಮೂ ಖಾಲಿ ಇಲ್ಲ. ಮತ್ತೆ 1, 2, 3, 4 ಎಂದು ಶುರುಮಾಡಿ. ಚಿಕ್ಕದರಲ್ಲಿ 1 ಬಂದು 5 ಹೋಗುತ್ತದೆ, 2 ಬಂದು 3 ಹೋಗುತ್ತದೆ, 3 ಬಂದು 4 ಹೋಗುತ್ತದೆ, 4 ಬಂದು 1 ಹೋಗುತ್ತದೆ. ನಾಲ್ಕು ಫಾಲ್ಟ್, ಸರದಿ 2, 3, 4. ಮೊದಲ ಸುತ್ತಿನಲ್ಲೂ ನಾಲ್ಕನೆಯ ಕೋರಿಕೆಯ ನಂತರ ಇದೇ ಸ್ಥಿತಿ ಇತ್ತು. ದೊಡ್ಡದರಲ್ಲಿ 1 ಬಂದು 2 ಹೋಗುತ್ತದೆ, 2 ಬಂದು 3 ಹೋಗುತ್ತದೆ, 3 ಬಂದು 4 ಹೋಗುತ್ತದೆ, 4 ಬಂದು 5 ಹೋಗುತ್ತದೆ. ಇಲ್ಲಿಯೂ ನಾಲ್ಕು ಫಾಲ್ಟ್, ಸರದಿ 1, 2, 3, 4. ಇದೂ ಮೊದಲ ಸುತ್ತಿನ ಸ್ಥಿತಿಯೇ. ಅಲ್ಲಿಂದ ಮುಂದೆ ಎಲ್ಲವೂ ಮೊದಲಿನಂತೆಯೇ ನಡೆಯಬೇಕು. ಆದ್ದರಿಂದ ಎರಡನೆಯ ಸುತ್ತಿನಲ್ಲಿಯೂ ಒಂಬತ್ತಕ್ಕೆ ಹತ್ತು, ಮೂರನೆಯದರಲ್ಲಿಯೂ ಒಂಬತ್ತಕ್ಕೆ ಹತ್ತು. ಒಂದು ಪ್ರೋಗ್ರಾಮು ಈ ಕ್ರಮವನ್ನು ನೂರು ಸಲ ಸುತ್ತಿದರೆ ಮೂರು ಫ್ರೇಮಿನಲ್ಲಿ 900 ಫಾಲ್ಟ್, ನಾಲ್ಕು ಫ್ರೇಮಿನಲ್ಲಿ 1000 ಫಾಲ್ಟ್. ಈಗ ಆರಂಭದ ಖಾಲಿ ಖಾನೆಗಳ ಮೇಲೆ ತಪ್ಪು ಹೊರಿಸುವಂತಿಲ್ಲ. ವೈಪರೀತ್ಯ ಸರದಿಯ ಸ್ವಭಾವದಲ್ಲೇ ಇದೆ.

ಹಾಗಾದರೆ ಯಾವ ನಿಯಮದಲ್ಲಿ ಇದು ಆಗುವುದಿಲ್ಲ? ಬಹಳ ಹೊತ್ತಿನಿಂದ ಬಳಸದ ಪುಟವನ್ನು ಹೊರಹಾಕುವ ನಿಯಮವನ್ನು ತೆಗೆದುಕೊಳ್ಳೋಣ. ಇದಕ್ಕೆ ಎಲ್‌ಆರ್‌ಯು ಎನ್ನುತ್ತಾರೆ. ಇಲ್ಲಿ ಪುಟ ಒಳಗೆ ಸಿಕ್ಕರೂ ಸರದಿ ಅಲುಗಾಡುತ್ತದೆ. ಬಳಸಿದ ಪುಟ ಕೂಡಲೇ ಬಾಲಕ್ಕೆ ಹೋಗುತ್ತದೆ. ಮೂರು ಫ್ರೇಮಿನಲ್ಲಿ ಯಾವ ಗಳಿಗೆಯಲ್ಲಿ ನೋಡಿದರೂ ಇರುವುದು ಇತ್ತೀಚೆಗೆ ಬಳಸಿದ ಮೂರು ಬೇರೆಬೇರೆ ಪುಟಗಳು. ನಾಲ್ಕು ಫ್ರೇಮಿನಲ್ಲಿ ಇರುವುದು ಇತ್ತೀಚೆಗೆ ಬಳಸಿದ ನಾಲ್ಕು. ಇತ್ತೀಚಿನ ಮೂರು ಇತ್ತೀಚಿನ ನಾಲ್ಕರೊಳಗೆ ಸೇರಿಯೇ ಇರುತ್ತವೆ. ಇಷ್ಟೇ ಸಾಧನೆ, ಇನ್ನೇನೂ ಬೇಕಿಲ್ಲ. ನಾವು ಗುಟ್ಟಾಗಿ ಮಾಡಿದ್ದ ಊಹೆ ಇಲ್ಲಿ ಯಾವಾಗಲೂ ನಿಜ. 1970ರಲ್ಲಿ ಐಬಿಎಂನ ಮ್ಯಾಟ್ಸನ್ ಮತ್ತು ಮೂವರು ಸಂಗಡಿಗರು ಈ ಒಳಗೊಳ್ಳುವ ಗುಣವನ್ನೇ ಹಿಡಿದು ನಿಯಮಗಳನ್ನು ಎರಡು ಪಂಗಡ ಮಾಡಿದರು. ಪುಟಗಳ ಹಿರಿತನ-ಕಿರಿತನದ ಪಟ್ಟಿಯನ್ನು ಫ್ರೇಮುಗಳ ಸಂಖ್ಯೆಯ ಹಂಗಿಲ್ಲದೆ, ಕೇವಲ ಕೋರಿಕೆಗಳ ಸಾಲನ್ನು ನೋಡಿಯೇ ಬರೆಯಬಹುದಾದರೆ ಆ ನಿಯಮದಲ್ಲಿ ಬೆಲಾಡಿ ವೈಪರೀತ್ಯ ಅಸಾಧ್ಯ. ಎಲ್‌ಆರ್‌ಯು ಪಟ್ಟಿ ಹಾಗೆ ಬರೆಯಬಹುದಾದದ್ದು. ಫೈಫೋ ಪಟ್ಟಿಯಲ್ಲಿ ಒಳತಂದ ಹೊತ್ತು ಬೇಕು, ಒಳತಂದ ಹೊತ್ತು ಗೊತ್ತಾಗಲು ಫ್ರೇಮುಗಳೆಷ್ಟು ಎಂದು ಗೊತ್ತಿರಬೇಕು.

ಎಲ್‌ಆರ್‌ಯುವಿನ ಈ ಗುಣದಿಂದ ಅಳೆಯುವವರಿಗೆ ಒಂದು ದೊಡ್ಡ ಅನುಕೂಲ ಸಿಗುತ್ತದೆ. ಪ್ರತಿ ಕೋರಿಕೆಗೂ, ಆ ಪುಟವನ್ನು ಹಿಂದೆ ಬಳಸಿದಾಗಿನಿಂದ ಅದನ್ನೂ ಸೇರಿಸಿ ಎಷ್ಟು ಬೇರೆಬೇರೆ ಪುಟಗಳು ಬಳಕೆಯಾದವು ಎಂದು ಎಣಿಸಿ. ಅದನ್ನು ಆ ಕೋರಿಕೆಯ ದೂರ ಎನ್ನೋಣ. ನಮ್ಮ ಸಾಲಿನಲ್ಲಿ ಐದು ಪುಟಗಳು ಮೊದಲ ಬಾರಿ ಬರುವಾಗ ಫಾಲ್ಟ್ ತಪ್ಪಿದ್ದಲ್ಲ. ಉಳಿದ ಏಳರಲ್ಲಿ ಐದನೆಯ ಮತ್ತು ಆರನೆಯ ಕೋರಿಕೆಗಳ ದೂರ 4, ಎಂಟನೆಯ ಮತ್ತು ಒಂಬತ್ತನೆಯದರ ದೂರ 3, ಕೊನೆಯ ಮೂರರ ದೂರ 5. ದೂರ ಫ್ರೇಮುಗಳ ಸಂಖ್ಯೆಯನ್ನು ಮೀರಿದರೆ ಫಾಲ್ಟ್. ಮೂರು ಫ್ರೇಮಿಗೆ ಐದಕ್ಕೆ ಐದು ಸೇರಿ ಹತ್ತು, ನಾಲ್ಕಕ್ಕೆ ಐದಕ್ಕೆ ಮೂರು ಸೇರಿ ಎಂಟು, ಐದು ಫ್ರೇಮಿಗೆ ಬರೀ ಐದು. ಕೋರಿಕೆಗಳ ಸಾಲಿನ ಮೇಲೆ ಒಮ್ಮೆ ಕೈಯಾಡಿಸಿದರೆ ಎಲ್ಲ ಅಳತೆಯ ಮೆಮೊರಿಗೂ ಉತ್ತರ ಸಿಕ್ಕಿತು. ಫೈಫೋದಲ್ಲಿ ಈ ಸೌಲಭ್ಯವಿಲ್ಲ. ಒಂದೊಂದು ಅಳತೆಗೂ ಬೇರೆಬೇರೆಯಾಗಿ ನಡೆಸಿಯೇ ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಹೋಗಲಾರೆ. ಈಗ ಬಂದ ಸಂಖ್ಯೆಗಳನ್ನು ಗಮನಿಸಿ: ಮೂರು ಫ್ರೇಮಿನಲ್ಲಿ ಎಲ್‌ಆರ್‌ಯುಗೆ ಹತ್ತು ಫಾಲ್ಟ್, ಫೈಫೋಗೆ ಒಂಬತ್ತೇ. ಇದೇ ಸಾಲಿನಲ್ಲಿ, ಇಷ್ಟೇ ಜಾಗದಲ್ಲಿ, ಫೈಫೋ ಗೆದ್ದಿದೆ! ವೈಪರೀತ್ಯವಿಲ್ಲದ ನಿಯಮ ಎಲ್ಲ ಕಡೆಯೂ ಒಳ್ಳೆಯ ನಿಯಮ ಎಂದು ಅನೇಕ ಉತ್ತರಪತ್ರಿಕೆಗಳಲ್ಲಿ ಬರೆದಿರುವುದನ್ನು ಕಾಣುತ್ತೇನೆ. ಅದು ಸರಿಯಲ್ಲ. ಒಳಗೊಳ್ಳುವ ಗುಣ ಕೊಡುವ ಭರವಸೆ ಒಂದೇ: ಅದೇ ನಿಯಮದಲ್ಲಿ ಜಾಗ ಹೆಚ್ಚಿಸಿದರೆ ಕೆಡುಕಾಗುವುದಿಲ್ಲ. ಬೇರೆ ನಿಯಮದ ಜೊತೆಗಿನ ಹೋಲಿಕೆ ಬೇರೆಯೇ ವಿಚಾರ. ಮುಂದಿನ ಕೋರಿಕೆಗಳೆಲ್ಲ ಮೊದಲೇ ಗೊತ್ತಿದ್ದು, ಅತಿ ತಡವಾಗಿ ಬೇಕಾಗುವ ಪುಟವನ್ನೇ ಹೊರಹಾಕುವ ಆದರ್ಶ ನಿಯಮವನ್ನು ಬೆಲಾಡಿ 1966ರಲ್ಲೇ ಅಳತೆಗೋಲಾಗಿ ಬಳಸಿದ್ದರು. ಅದರಂತೆ ನಮ್ಮ ಸಾಲಿಗೆ ಮೂರು ಫ್ರೇಮಿನಲ್ಲಿ ಏಳು, ನಾಲ್ಕರಲ್ಲಿ ಆರು ಫಾಲ್ಟ್ ಸಾಕು. ಎಲ್‌ಆರ್‌ಯು ಆಗಲಿ ಫೈಫೋ ಆಗಲಿ ಅದರ ಹತ್ತಿರವೂ ಸುಳಿದಿಲ್ಲ.

ಇನ್ನೊಂದು ಮಾತು, ಇಂದಿನ ಯಂತ್ರಗಳಿಗೆ ಸಂಬಂಧಿಸಿದ್ದು. ಶುದ್ಧ ಎಲ್‌ಆರ್‌ಯು ಬಲು ದುಬಾರಿ. ಪ್ರತಿ ಬಾರಿ ಮೆಮೊರಿ ಮುಟ್ಟಿದಾಗಲೂ ಸರದಿಯನ್ನು ತಿದ್ದುತ್ತಾ ಕೂರಲು ಆಗದು. ಆದ್ದರಿಂದ ಫೈಫೋ ಸರದಿಗೇ ಒಂದು ಬಿಟ್ ಸೇರಿಸಿದ ಎರಡನೇ ಅವಕಾಶದ ನಿಯಮ ಹುಟ್ಟಿತು. ಪುಟವನ್ನು ಮುಟ್ಟಿದಾಗ ಹಾರ್ಡ್‌ವೇರ್ ಅದರ ಬಿಟ್ಟನ್ನು 1 ಮಾಡುತ್ತದೆ. ಹೊರಹಾಕುವ ಸಮಯ ಬಂದಾಗ ತಲೆಯಲ್ಲಿರುವ ಪುಟದ ಬಿಟ್ 1 ಇದ್ದರೆ ಅದನ್ನು 0 ಮಾಡಿ ಪುಟವನ್ನು ಬಾಲಕ್ಕೆ ಕಳಿಸುತ್ತಾರೆ. 0 ಇದ್ದರೆ ಮಾತ್ರ ಹೊರಗೆ. ಈ ಒಂದು ಬಿಟ್ಟಿನಿಂದ ವೈಪರೀತ್ಯ ಮಾಯವಾಯಿತೆಂದು ಭಾವಿಸುವುದು ಸುಲಭ. ಆದರೆ ನಮ್ಮ ಸಾಲನ್ನೇ ಹಾಕಿ ನೋಡಿ. ನಾಲ್ಕು ಫ್ರೇಮಿನಲ್ಲಿ ಏಳನೆಯ ಕೋರಿಕೆ 5 ಬರುವ ಹೊತ್ತಿಗೆ 1, 2, 3, 4 ನಾಲ್ಕರ ಬಿಟ್ಟೂ 1 ಆಗಿವೆ, ಏಕೆಂದರೆ ಒಳತಂದಾಗಲೇ ಪುಟವನ್ನು ಮುಟ್ಟಿದಂತಾಯಿತು. ಎಲ್ಲರಿಗೂ ಎರಡನೇ ಅವಕಾಶ ಸಿಕ್ಕರೆ ಯಾರಿಗೂ ಸಿಕ್ಕಂತಾಗಲಿಲ್ಲ. ಒಂದು ಸುತ್ತು ತಿರುಗಿ ಎಲ್ಲ ಬಿಟ್ಟುಗಳೂ 0 ಆಗಿ, ಮತ್ತೆ 1 ತಲೆಗೆ ಬಂದು ಅದೇ ಹೊರಹೋಗುತ್ತದೆ. ಅಲ್ಲಿಂದ ಮುಂದೆ ಫೈಫೋದ ಹಾದಿಯೇ. ಕೊನೆಗೆ ಮೂರು ಫ್ರೇಮಿಗೆ ಒಂಬತ್ತು, ನಾಲ್ಕಕ್ಕೆ ಹತ್ತು. ಬೇಕಾದರೆ ಮನೆಗೆ ಹೋಗಿ ಬಿಟ್ಟುಗಳ ಸಮೇತ ಹಾಳೆಯ ಮೇಲೆ ಮಾಡಿ ನೋಡಿ, ಅಷ್ಟೇನೂ ಕಷ್ಟವಿಲ್ಲ.

ಕಂಪ್ಯೂಟರ್ ಇರುವವರಿಗೆ ಇನ್ನೂ ಸುಲಭದ ದಾರಿ ಇದೆ. ಪೈಥಾನ್ ಭಾಷೆಯಲ್ಲಿ ಫೈಫೋ ಇಷ್ಟೇ:

```python
from collections import deque

def fifo(refs, m):
    q, faults = deque(), 0
    for p in refs:
        if p not in q:
            faults += 1
            if len(q) == m:
                q.popleft()
            q.append(p)
    return faults

s = [1,2,3,4,1,2,5,1,2,3,4,5]
print([fifo(s, m) for m in range(1, 6)])
```

ಇದು `[12, 12, 9, 10, 5]` ಎಂದು ಅಚ್ಚುಮಾಡುತ್ತದೆ: ಒಂದರಿಂದ ಐದು ಫ್ರೇಮಿನವರೆಗಿನ ಫಾಲ್ಟುಗಳು. ಇಳಿಯುತ್ತಾ ಬಂದ ಗೆರೆ ನಾಲ್ಕರಲ್ಲಿ ಒಮ್ಮೆ ತಲೆಯೆತ್ತಿ ಮತ್ತೆ ಇಳಿಯುತ್ತದೆ. ವೈಪರೀತ್ಯವನ್ನು ಪತ್ತೆಹಚ್ಚಲು ಇದೇ ದಾರಿ. ಮೂರಕ್ಕೆ ಒಮ್ಮೆ, ಐದಕ್ಕೆ ಒಮ್ಮೆ ಅಳೆದು ನಡುವಿನದು ಒಂಬತ್ತು ಮತ್ತು ಐದರ ಮಧ್ಯೆ ಎಲ್ಲೋ ಇರುತ್ತದೆ ಎಂದು ಗೆರೆ ಎಳೆದರೆ ಮೋಸಹೋಗುತ್ತೇವೆ. ಎಲ್ಲ ಅಳತೆಗಳನ್ನೂ ಬಿಡದೆ ನಡೆಸಬೇಕು. ನಿಮಗೆ ಇಷ್ಟಬಂದ ಬೇರೆ ಸಾಲುಗಳನ್ನೂ ಹಾಕಿ ನೋಡಿ. ಬಹಳಷ್ಟು ಸಾಲುಗಳಲ್ಲಿ ಫೈಫೋ ಕೂಡ ಶಿಸ್ತಾಗಿ ಇಳಿಯುತ್ತದೆ. ಈ ಕೋಡಿಗೆ ಪುಟ ಒಳಗೆ ಸಿಕ್ಕಾಗ ನಡೆಯುವಂತೆ `else: q.remove(p); q.append(p)` ಎಂದು ಸೇರಿಸಿದರೆ ಅದೇ ಎಲ್‌ಆರ್‌ಯು ಆಗುತ್ತದೆ. ಆಗ `[12, 12, 10, 8, 5]` ಬರುತ್ತದೆ. ಎರಡೂ ನಿಯಮಗಳ ನಡುವಿನ ಅಂತರವೆಲ್ಲ ಆ ಒಂದು ಸಾಲಿನಲ್ಲಿದೆ.

ಒಂಬತ್ತಕ್ಕೆ ಹತ್ತು ಎಂದರೆ ವ್ಯತ್ಯಾಸ ಸಣ್ಣದು. ಅದು ಎಷ್ಟು ದೊಡ್ಡದಾಗಬಲ್ಲದು? ಇದನ್ನು 1969ರ ಲೇಖನದಲ್ಲೇ ಮೂವರೂ ಕೇಳಿಕೊಂಡಿದ್ದರು. ದೊಡ್ಡ ಮೆಮೊರಿಯ ಫಾಲ್ಟುಗಳು ಚಿಕ್ಕದರ ಫಾಲ್ಟುಗಳ ಎರಡು ಪಟ್ಟಿನ ಹತ್ತಿರ, ಬೇಕಾದಷ್ಟು ಹತ್ತಿರ, ಬರುವಂಥ ಸಾಲುಗಳನ್ನು ಅವರು ಕಟ್ಟಿ ತೋರಿಸಿದರು. ಎರಡು ಪಟ್ಟೇ ಎಲ್ಲೆಯಿರಬೇಕು ಎಂದು ಊಹಿಸಿದರು, ಸಾಧಿಸಲಿಲ್ಲ. ನಾಲ್ಕು ದಶಕಗಳ ನಂತರ, 2010ರಲ್ಲಿ, ಪೀಟರ್ ಫೋರ್ನೈ ಮತ್ತು ಆಂಟಲ್ ಇವಾನಿ ಎಂಬ ಹಂಗೇರಿಯ ಇಬ್ಬರು ಆ ಊಹೆ ತಪ್ಪೆಂದು ತೋರಿಸಿದರು. ಎಷ್ಟು ಪಟ್ಟು ಬೇಕೆಂದು ನೀವು ಹೇಳಿದರೂ, ಮೂರು ಪಟ್ಟಾಗಲಿ ನೂರು ಪಟ್ಟಾಗಲಿ, ಅಷ್ಟು ಪಟ್ಟು ಕೆಡುವಂಥ ಎರಡು ಮೆಮೊರಿ ಅಳತೆಗಳನ್ನೂ ಅವಕ್ಕೆ ತಕ್ಕ ಒಂದು ಕೋರಿಕೆಗಳ ಸಾಲನ್ನೂ ಹುಡುಕಿಕೊಡಬಹುದು. ಫೈಫೋ ಎಷ್ಟು ಕೆಡಬಲ್ಲದು ಎಂಬುದಕ್ಕೆ ಮೇಲ್ಮಿತಿಯೇ ಇಲ್ಲ.